ದರ್ಬಾರ್ ಪರದೆಯ ಕಂಬಗಳು ಹಿಂದೆ ಹೋದಂತೆ ಯಾಕೆ ಸಣ್ಣಗಾಗುತ್ತವೆ?

ಗೌರಿಬಿದನೂರಿನಿಂದ ಹಿಂದೂಪುರ ದಾಟಿ ಲೇಪಾಕ್ಷಿಗೆ ಹೋದವರು ದೊಡ್ಡ ಬಸವಣ್ಣನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ನೇತಾಡುವ ಕಂಬದ ಕೆಳಗೆ ಟವಲ್ ಎಳೆಯುತ್ತಾರೆ, ವಾಪಸ್ ಬರುತ್ತಾರೆ. ಕತ್ತು ಎತ್ತಿ ಚಾವಣಿ ನೋಡುವವರು ಕಡಿಮೆ. ಅಲ್ಲಿ ವಿಜಯನಗರದ ಅಚ್ಯುತರಾಯನ ಕಾಲದ, ಅಂದರೆ 16ನೇ ಶತಮಾನದ ಚಿತ್ರಗಳಿವೆ. ವೀರಭದ್ರಸ್ವಾಮಿ ಚಾವಣಿ ತುಂಬ ನಿಂತಿದ್ದಾನೆ. ಗುಡಿ ಕಟ್ಟಿಸಿದ ವಿರೂಪಣ್ಣ ಮತ್ತು ಅವನ ತಮ್ಮ ವೀರಣ್ಣ ಕಾಲ ಬಳಿ ಪುಟ್ಟದಾಗಿದ್ದಾರೆ. ಅವರು ದೂರದಲ್ಲಿದ್ದಾರೆಂದು ಸಣ್ಣಗಿಲ್ಲ. ದೇವರ ಮುಂದೆ ಭಕ್ತ ಸಣ್ಣವನು, ಅಷ್ಟೇ.

ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲೂ ಹಾಗೇ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಇಂಗ್ಲಿಷರ ಸೈನ್ಯ ಚೌಕಾಕಾರದಲ್ಲಿ ನಿಂತಿದೆ. ಚೌಕವನ್ನು ಮೇಲಿಂದ ಹದ್ದು ನೋಡಿದಂತೆ ಬರೆದಿದ್ದಾರೆ, ಆದರೆ ಒಬ್ಬೊಬ್ಬ ಸಿಪಾಯಿಯನ್ನು ಪಕ್ಕದಿಂದ ನೋಡಿದಂತೆ ಬರೆದಿದ್ದಾರೆ. ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೇಲಿ, ಇನ್ನೊಂದೆಡೆ ಸಿಡಿಯುತ್ತಿರುವ ಮದ್ದಿನ ಗಾಡಿ. ಹಿಂದಿನ ಸಾಲಿನವನೂ ಮುಂದಿನವನಷ್ಟೇ ಎತ್ತರ. ಈ ಗೋಡೆಗೆ ಆಮೇಲೆ ಬಣ್ಣ ಬಳಿದದ್ದುಂಟು, ತಿದ್ದಿದ್ದೂ ಉಂಟು, ಆದರೆ ಕ್ರಮ ಅದೇ.

ಪಾಪ, ಅವರಿಗೆ ದೂರ ತೋರಿಸಲು ಬರುತ್ತಿರಲಿಲ್ಲ ಎಂದು ಹೇಳುವವರಿದ್ದಾರೆ. ನಾವು ಒಪ್ಪುವುದಿಲ್ಲ. ನೆಲದ ಮೇಲೆ ನಿಂತು ನೋಡಿದ್ದರೆ ಮುಂದಿನ ಸಾಲಿನ ಬೆನ್ನುಗಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಸೈನ್ಯ ಹೇಗೆ ನಿಂತಿತ್ತು, ಯಾರು ಯಾರನ್ನು ಸುತ್ತುವರಿದರು ಎಂಬುದನ್ನು ಹೇಳಬೇಕಾದರೆ ಆ ಚಿತ್ರಕಾರ ಮಾಡಿದ್ದೇ ಸರಿ. ಅವನ ಚಿತ್ರದಲ್ಲಿ ನೋಡುವವನಿಗೆ ಒಂದು ಗೊತ್ತಾದ ಜಾಗವಿಲ್ಲ. ಆ ಜಾಗವನ್ನು ಗೊತ್ತು ಮಾಡುವುದೇ ಪರ್ಸ್‌ಪೆಕ್ಟಿವ್.

ಅದನ್ನು ಲೆಕ್ಕಕ್ಕೆ ತಂದದ್ದು ಇಟಲಿಯ ಫ್ಲಾರೆನ್ಸ್ ಊರು, ಸುಮಾರು 600 ವರ್ಷದ ಹಿಂದೆ. ದೂರದ್ದು ಸಣ್ಣಗೆ ಕಾಣುತ್ತದೆ ಎಂಬುದು ಅಲ್ಲಿನ ಹಳೆಯ ಚಿತ್ರಕಾರರಿಗೂ ಗೊತ್ತಿತ್ತು, ನಮ್ಮ ದನ ಕಾಯುವ ಹುಡುಗನಿಗೂ ಗೊತ್ತು. ಎಷ್ಟು ಸಣ್ಣಗೆ ಎಂಬುದಕ್ಕೆ ಮಾತ್ರ ಲೆಕ್ಕವಿರಲಿಲ್ಲ. ಕಣ್ಣಿಗೂ ವಸ್ತುವಿಗೂ ನಡುವೆ ಬೆಳಕು ನೇರ ಗೆರೆಯಲ್ಲಿ ಸಾಗುತ್ತದೆ ಎಂದು ವಿವರಿಸಿದ ಅರಬ್ ವಿದ್ವಾಂಸ ಇಬ್ನ್ ಅಲ್ ಹೈಥಮ್‌ನ ಗ್ರಂಥ ಅಷ್ಟರಲ್ಲಿ ಲ್ಯಾಟಿನ್ನಿಗೆ ಬಂದಿತ್ತು. ಆ ಗೆರೆಗಳನ್ನು ಚಿತ್ರದ ಹಲಗೆಗೆ ತಂದವನು ಬ್ರುನೆಲೆಸ್ಕಿ. ಅವನು ಕಟ್ಟಡ ಕಟ್ಟುವವನು, ಚಿತ್ರಕಾರನಲ್ಲ.

ಅವನು ಮಾಡಿದ ಪ್ರಯೋಗವನ್ನು ಮನೆಟ್ಟಿ ಎಂಬವನು ಬರೆದಿಟ್ಟಿದ್ದಾನೆ. ಊರಿನ ದೊಡ್ಡ ಚರ್ಚಿನ ಬಾಗಿಲೊಳಗೆ ನಿಂತರೆ ಎದುರಿಗೆ ಕಾಣುವ ಎಂಟು ಮೂಲೆಯ ಕಟ್ಟಡವನ್ನು ಅವನು ಒಂದು ಚಿಕ್ಕ ಹಲಗೆಯ ಮೇಲೆ ಬರೆದ. ಹಲಗೆಗೆ ಬೇಳೆಕಾಳು ಗಾತ್ರದ ಒಂದು ತೂತು ಕೊರೆದ. ನೋಡುವವನು ಚಿತ್ರದ ಬೆನ್ನಿಗೆ ಕಣ್ಣಿಟ್ಟು ತೂತಿನಿಂದ ನೋಡಬೇಕು, ಇನ್ನೊಂದು ಕೈಯಲ್ಲಿ ಎದುರಿಗೆ ಕನ್ನಡಿ ಹಿಡಿಯಬೇಕು. ಕನ್ನಡಿಯಲ್ಲಿ ಚಿತ್ರ ಕಾಣುತ್ತದೆ, ಕನ್ನಡಿ ತೆಗೆದರೆ ನಿಜವಾದ ಕಟ್ಟಡ ಅದೇ ಜಾಗದಲ್ಲಿ ಕಾಣುತ್ತದೆ. ಆಕಾಶವಿರಬೇಕಾದ ಕಡೆ ಅವನು ಬಣ್ಣ ಹಚ್ಚದೆ ಉಜ್ಜಿದ ಬೆಳ್ಳಿ ಹಾಕಿದ್ದ, ಮೋಡ ಅದರಲ್ಲೇ ಹರಿಯಲಿ ಎಂದು. ಇಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಆ ತೂತು. ನೋಡುವವನು ಆಚೆ ಈಚೆ ಸರಿಯದಂತೆ, ಒಂದೇ ಕಣ್ಣಲ್ಲಿ ನೋಡುವಂತೆ ಅದು ಕಟ್ಟಿಹಾಕಿತು.

ಲೆಕ್ಕವನ್ನು ಪುಸ್ತಕದಲ್ಲಿ ಬರೆದವನು ಆಲ್ಬರ್ಟಿ, 1435ರಲ್ಲಿ. ಚಿತ್ರವೆಂದರೆ ತೆರೆದ ಕಿಟಕಿ ಎಂದುಕೊಳ್ಳಿ ಎಂದ. ಅವನ ಲೆಕ್ಕವನ್ನು ನಮ್ಮ ಕಡೆಯ ಅಳತೆಯಲ್ಲಿ ನೋಡೋಣ.

ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ತೋಟಗಳ ನಡುವೆ ನೇರವಾದ, ಮಟ್ಟಸವಾದ ಒಂದು ದಾರಿ ಇದೆ ಎಂದುಕೊಳ್ಳಿ. ನಿಮ್ಮಿಂದ 10 ಅಡಿ ಮುಂದೆ ದೊಡ್ಡ ಗಾಜೊಂದು ನೆಟ್ಟಗೆ ನಿಂತಿದೆ. ಆ ಗಾಜೇ ನಿಮ್ಮ ಚಿತ್ರ. ನಿಮ್ಮ ಕಣ್ಣು ನೆಲದಿಂದ 5 ಅಡಿ, ಅಂದರೆ 60 ಅಂಗುಲ ಮೇಲಿದೆ. ಗಾಜಿನ ಆಚೆಗೆ 10 ಅಡಿಗೊಂದರಂತೆ ದಾರಿಗೆ ಅಡ್ಡವಾಗಿ ಸುಣ್ಣದ ಗೆರೆ ಎಳೆದಿದ್ದೀರಿ. ಈಗ ಕಣ್ಣಿನಿಂದ ಮೊದಲ ಗೆರೆಗೆ ಒಂದು ದಾರ ಎಳೆಯಿರಿ. ಗೆರೆ ನಿಮ್ಮಿಂದ 20 ಅಡಿ ದೂರದಲ್ಲಿದೆ, ಗಾಜು ಸರಿಯಾಗಿ ಅರ್ಧ ದಾರಿಯಲ್ಲಿದೆ. ಹಾಗಾಗಿ ಗಾಜಿನ ಹತ್ತಿರ ಬರುವಷ್ಟರಲ್ಲಿ ದಾರವೂ ಅರ್ಧ ಇಳಿದಿರುತ್ತದೆ, 30 ಅಂಗುಲ. ಗಾಜಿನ ಮೇಲೆ ಆ ಗೆರೆ ನೆಲದಿಂದ 30 ಅಂಗುಲ ಎತ್ತರದಲ್ಲಿ ಕಾಣುತ್ತದೆ. ಎರಡನೇ ಗೆರೆ 30 ಅಡಿ ದೂರ, ಗಾಜು ಮೂರರಲ್ಲೊಂದು ದಾರಿಯಲ್ಲಿದೆ. ದಾರ 20 ಅಂಗುಲ ಇಳಿದಿದೆ, ಗೆರೆ 40 ಅಂಗುಲದಲ್ಲಿ ಕಾಣುತ್ತದೆ. ಹೀಗೇ ಮೂರನೆಯದು 45ರಲ್ಲಿ, ನಾಲ್ಕನೆಯದು 48ರಲ್ಲಿ.

ದಾರಿಯ ಮೇಲೆ ಎಲ್ಲ ಗೆರೆಗಳ ನಡುವೆಯೂ ಅದೇ 10 ಅಡಿ. ಗಾಜಿನ ಮೇಲೆ ಅದು ಮೊದಲು 30 ಅಂಗುಲ, ಆಮೇಲೆ 10, ಆಮೇಲೆ 5, ಆಮೇಲೆ 3. ಎಷ್ಟೇ ದೂರದ ಗೆರೆಯಾದರೂ 60 ಅಂಗುಲ ಮುಟ್ಟುವುದಿಲ್ಲ. ಅದು ನಿಮ್ಮ ಕಣ್ಣಿನ ಎತ್ತರ, ದಿಗಂತದ ಗೆರೆ. ದಾರಿಯ ಎರಡು ಅಂಚುಗಳೂ ಆ ಗೆರೆಯಲ್ಲೇ, ನಿಮ್ಮ ಕಣ್ಣಿಗೆ ನೇರ ಎದುರಿನ ಒಂದು ಬಿಂದುವಿನಲ್ಲಿ ಹೋಗಿ ಸೇರುತ್ತವೆ.

ಈ ಲೆಕ್ಕ ಬರುವ ಮುಂಚೆ ಕೆಲವರು ಅಂದಾಜಿನ ಒಂದು ಸೂತ್ರ ಇಟ್ಟುಕೊಂಡಿದ್ದರು: ಪ್ರತಿ ಪಟ್ಟಿಯೂ ಹಿಂದಿನದರ ಮೂರರಲ್ಲಿ ಎರಡು ಪಾಲು. ಅದನ್ನು ನಮ್ಮ ದಾರಿಗೆ ಹಾಕಿ ನೋಡಿ. 30, ಆಮೇಲೆ 20, ಆಮೇಲೆ 13. ಮೂರೇ ಪಟ್ಟಿಗೆ 63 ಅಂಗುಲವಾಗಿ ನೆಲ ದಿಗಂತ ದಾಟಿ ಆಕಾಶಕ್ಕೆ ಹತ್ತಿತು! ಆಲ್ಬರ್ಟಿ ಈ ಸೂತ್ರ ತಪ್ಪೆಂದು ಹೇಳಿ, ಪರೀಕ್ಷೆಯನ್ನೂ ಕೊಟ್ಟ. ಚೌಕ ಚಪ್ಪಡಿ ಹಾಸಿದ ಅಂಗಳದಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ದಾರ ಹಿಡಿದರೆ ಅದು ಸಾಲಾಗಿ ಚಪ್ಪಡಿಗಳ ಮೂಲೆಗಳ ಮೇಲೇ ಹೋಗುತ್ತದೆ. ಚಿತ್ರದಲ್ಲಿ ಬರೆದ ಅಂಗಳದ ಮೇಲೆ ಸ್ಕೇಲ್ ಇಟ್ಟರೂ ಹಾಗೇ ಆಗಬೇಕು. ಗೆರೆ ಬಾಗಿದರೆ ಲೆಕ್ಕ ತಪ್ಪಿದೆ.

ಇನ್ನೊಂದು ಗುರುತು ನೀವೇ ಫೋನಿನಲ್ಲಿ ನೋಡಬಹುದು. ಜಾತ್ರೆಯಲ್ಲಿ ಮಟ್ಟಸ ಜಾಗದಲ್ಲಿ ನಿಂತು, ಫೋನನ್ನು ಕಣ್ಣಿನ ಮಟ್ಟಕ್ಕೆ ನೇರವಾಗಿ ಹಿಡಿದು ಜನರ ಫೋಟೊ ತೆಗೆಯಿರಿ. ನಿಮ್ಮಷ್ಟೇ ಎತ್ತರದವರ ತಲೆಗಳೆಲ್ಲ, ಹತ್ತಿರದವರಿರಲಿ ದೂರದವರಿರಲಿ, ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿರುತ್ತವೆ. ಪಾದಗಳು ಮಾತ್ರ ದೂರ ಹೋದಂತೆ ಮೇಲೇರುತ್ತವೆ. ಇದನ್ನೂ ಆಲ್ಬರ್ಟಿ ಬರೆದಿದ್ದಾನೆ, ಕ್ಯಾಮೆರಾ ಬರುವುದಕ್ಕೆ 400 ವರ್ಷ ಮೊದಲು.

ಗೋಡೆಯ ಮೇಲೆ ಇದನ್ನು ಮಾಡಲು ಬೇಕಾದದ್ದು ಒಂದು ಮೊಳೆ, ಒಂದು ದಾರ. ಫ್ಲಾರೆನ್ಸ್‌ನ ಒಂದು ಚರ್ಚಿನಲ್ಲಿ ಮಸಾಚ್ಚೊ ಎಂಬ ಹುಡುಗ 1427ರ ಸುಮಾರಿಗೆ ಏಸುವಿನ ಶಿಲುಬೆಯ ಚಿತ್ರ ಬರೆದ. ಗೆರೆಗಳು ಸೇರುವ ಕಡೆ ಅವನು ಹೊಡೆದ ಮೊಳೆಯ ಗುರುತು, ಹಸಿ ಗಾರೆಯ ಮೇಲೆ ಬಿದ್ದ ಗೆರೆಗಳ ಗುರುತು ಈಗಲೂ ಇವೆ. ಮೊಳೆ ಇರುವುದು ಸುಮಾರಾಗಿ ನಿಂತು ನೋಡುವವನ ಕಣ್ಣಿನ ಎತ್ತರಕ್ಕೆ. ಹಾಗಾಗಿ ಚಪ್ಪಟೆ ಗೋಡೆ ಒಳಗೆ ಒಂದು ಕೋಣೆ ಕೊರೆದಂತೆ ಕಾಣುತ್ತದೆ.

ಇಲ್ಲಿಂದ ಚಿತ್ರಕಾರನ ಕೆಲಸವೇ ಬದಲಾಯಿತು. ಲೇಪಾಕ್ಷಿಯವನು ಮೊದಲು ಕೇಳಿಕೊಂಡದ್ದು, ಇವರಲ್ಲಿ ದೊಡ್ಡವರು ಯಾರು ಎಂದು. ಹೊಸಬನು ಕೇಳಬೇಕಾದದ್ದು, ಇವರು ಕಣ್ಣಿನಿಂದ ಎಷ್ಟು ದೂರ ಎಂದು. ರಾಜನೇ ಆಗಲಿ, ಹಿಂದೆ ನಿಂತರೆ ಮುಂದಿನ ಆಳಿಗಿಂತ ಸಣ್ಣಗಾಗುತ್ತಾನೆ. ನೆಲವನ್ನು ಮೊದಲು ಅಳೆದು, ಆಮೇಲೆ ಜನರನ್ನು ತಂದು ನಿಲ್ಲಿಸಬೇಕು. ಹಾಗಾದರೆ ಮುಖ್ಯನಾದವನನ್ನು ಮುಖ್ಯವಾಗಿ ತೋರಿಸುವುದು ಹೇಗೆ? ಲಿಯೊನಾರ್ಡೊ 1490ರ ದಶಕದಲ್ಲಿ ಮಿಲಾನ್‌ನಲ್ಲಿ ಬರೆದ ಕೊನೆಯ ಊಟದ ಚಿತ್ರದಲ್ಲಿ ಚಾವಣಿಯ ತೊಲೆಗಳು, ಗೋಡೆಯ ಅಂಚುಗಳು ಎಲ್ಲ ಏಸುವಿನ ತಲೆಯ ಕಡೆಗೇ ಓಡುತ್ತವೆ. ಗಾತ್ರದಿಂದ ಸಿಗುತ್ತಿದ್ದ ಮರ್ಯಾದೆ ಈಗ ಗೆರೆಗಳು ಸೇರುವ ಜಾಗದಿಂದ ಸಿಕ್ಕಿತು.

ನಮ್ಮ ಕಡೆಗೆ ಈ ಕಣ್ಣು ಬಂದ ಒಂದು ದಾರಿ ಯುದ್ಧದ್ದು. ನಂದಿ ಕೋಟೆ ಇಂಗ್ಲಿಷರ ಕೈಗೆ ಹೋದ 1791ರಲ್ಲೇ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆ ಸೇರಿದ್ದ. ಮೈಸೂರು ಸೀಮೆಯ ಅವನ ನೋಟಗಳು 1794ರಲ್ಲಿ ಪುಸ್ತಕವಾದವು. ಸರ್ವೆ ಅಧಿಕಾರಿ ಕೋಲ್‌ಬ್ರುಕ್ ಕೂಡ ಇಂಥ ಹನ್ನೆರಡು ನೋಟ ಪ್ರಕಟಿಸಿದ. ಇದು ಬರೀ ಚಂದಕ್ಕಲ್ಲ. ಇಂತಹ ಜಾಗದಲ್ಲಿ ನಿಂತರೆ ದುರ್ಗ ಇಷ್ಟು ಕಾಣುತ್ತದೆ, ಕಡಿದು ಈ ಕಡೆ ಇದೆ ಎಂಬುದು ಫಿರಂಗಿ ಇಡುವವನಿಗೆ ಬೇಕಾದ ಮಾತು. ದರಿಯಾ ದೌಲತ್ ಗೋಡೆಯವನು ಗೆದ್ದ ಯುದ್ಧದ ಕಥೆ ಹೇಳಿದ, ಇವರು ನಿಂತ ಜಾಗದಿಂದ ಕಂಡದ್ದನ್ನು ಅಳೆದರು.

ಹಳ್ಳಿಗೆ ಬಂದ ದಾರಿ ಮಾತ್ರ ನಾಟಕದ್ದು. ಇಟಲಿಯ ಸೆರ್ಲಿಯೊ 1545ರ ಪುಸ್ತಕದಲ್ಲಿ ರಂಗಕ್ಕೆ ಮೂರು ಪರ್ಸ್‌ಪೆಕ್ಟಿವ್ ದೃಶ್ಯ ಕೊಟ್ಟಿದ್ದಾನೆ: ಅರಮನೆಗಳದ್ದು ಒಂದು, ಸಾಮಾನ್ಯರ ಮನೆಗಳ ಬೀದಿಯದ್ದು ಒಂದು, ಕಾಡಿನದ್ದು ಒಂದು. ಚಿಂತಾಮಣಿಯಲ್ಲೋ ಗೌರಿಬಿದನೂರಲ್ಲೋ ಕುರುಕ್ಷೇತ್ರ ಆಡಿಸಿದವರಿಗೆ ಇದು ಕೇಳಿದಂತಿರಬೇಕು. ದರ್ಬಾರ್ ಸೀನು, ಬೀದಿ ಸೀನು, ಕಾಡಿನ ಸೀನು! ಬಣ್ಣದ ಪರದೆಯ ಈ ಪದ್ಧತಿ ಯುರೋಪಿನ ರಂಗದಿಂದ ಮುಂಬೈನ ಪಾರ್ಸಿ ಕಂಪನಿಗಳಿಗೆ ಬಂತು, ಅವರಿಂದ ನಮ್ಮ ಕಂಪನಿ ನಾಟಕಗಳಿಗೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಆ ಪೀಳಿಗೆಯದು. ಈಗ ಪರದೆ ಬಾಡಿಗೆಗೆ ಸಿಗುತ್ತದೆ.

ಕೇಳಿಕೆ, ಬಯಲಾಟಗಳಿಗೆ ಇಂಥ ಪರದೆ ಬೇಕಿರಲಿಲ್ಲ. ಜನ ಮೂರೂ ಕಡೆ ಕೂತರೆ ಯಾರ ಕಣ್ಣಿಗೆಂದು ಗೆರೆ ಸೇರಿಸುವುದು? ದರ್ಬಾರ್ ಪರದೆ ಸರಿಯಾಗಿ ಕೂರುವುದು ನಡುವೆ ಒಂದೇ ಜಾಗದಿಂದ. ಪಕ್ಕದಲ್ಲಿ ಚಾಪೆ ಹಾಕಿ ಕೂತವರಿಗೆ ಪರದೆಯ ನೆಲ ಒಂದು ಕಡೆ, ನಿಜವಾದ ರಂಗದ ನೆಲ ಇನ್ನೊಂದು ಕಡೆ ಎಳೆದಂತೆ ಕಾಣುತ್ತದೆ. ಇನ್ನೂ ಕೆಡುವುದು ಪಾತ್ರಧಾರಿ ಹಿಂದೆ ಹೋದಾಗ. ಪರದೆಯಲ್ಲಿ ಕೊನೆಯ ಕಂಬ ದೂರ ತೋರಿಸಲೆಂದು ಎರಡಡಿಗೆ ಇಳಿದಿರುತ್ತದೆ. ದುರ್ಯೋಧನ ಮಾತಿನ ಆವೇಶದಲ್ಲಿ ಅದರ ಪಕ್ಕ ಹೋಗಿ ನಿಂತರೆ ಅರಮನೆಯ ಕಂಬ ಅವನ ಮಂಡಿಗೆ ಬರುತ್ತದೆ. ಅದಕ್ಕೇ ಸಿಂಹಾಸನವನ್ನು ಪರದೆಗೆ ತಾಗಿಸದೆ ಸಾಕಷ್ಟು ಮುಂದೆ ಇಡಬೇಕಾಗುತ್ತದೆ.

ಮುಂದಿನ ಸಲ ನಾಟಕ ಶುರುವಾಗುವ ಮುಂಚೆ ಆ ಪರದೆಯನ್ನು ನೋಡಿ. ಎರಡು ಬದಿಯ ಕಂಬಗಳ ತಲೆಯಿಂದ, ಬುಡದಿಂದ ಹೋಗುವ ಗೆರೆಗಳನ್ನು ಮನಸ್ಸಿನಲ್ಲೇ ಮುಂದುವರಿಸಿ. ನಾಲ್ಕೂ ಒಂದೇ ಕಡೆ ಸೇರಿದರೆ ಬರೆದವನಿಗೆ ಲೆಕ್ಕ ಗೊತ್ತಿತ್ತು. ಸೇರಿದ ಆ ಬಿಂದುವಿಗೆ ನೇರ ಎದುರಾಗಿ, ಅದರಷ್ಟೇ ಎತ್ತರದಲ್ಲಿ ಕಣ್ಣು ಬರುವಂತೆ ಯಾವ ಕುರ್ಚಿ ಇದೆಯೋ ಅವನು ಬರೆದದ್ದು ಆ ಕುರ್ಚಿಗೆ. ಸಾಮಾನ್ಯವಾಗಿ ಅಲ್ಲಿ ಮುಖ್ಯ ಅತಿಥಿಗಳು ಕೂತಿರುತ್ತಾರೆ.