ಸರಾಸರಿ ಷರತ್ತು: ಹಡಗಿನಿಂದ ಗೋದಾಮಿಗೆ

ಬೆಂಕಿ ವಿಮೆಯ ಪಾಲಿಸಿಗಳಲ್ಲಿರುವ ಸರಾಸರಿ ಷರತ್ತಿನ ತತ್ವ ಕಡಲ ವ್ಯಾಪಾರದಲ್ಲಿ ಹಳೆಯದು. ಸರಕಿನ ಪೂರ್ಣ ಬೆಲೆಗೆ ವಿಮೆ ಮಾಡಿಸದ ವ್ಯಾಪಾರಿ, ಉಳಿದ ಭಾಗಕ್ಕೆ ತಾನೇ ವಿಮೆಗಾರ ಎಂಬುದು ಅದರ ತಿರುಳು. ಬ್ರಿಟನ್ನಿನ 1906ರ ಸಾಗರ ವಿಮಾ ಕಾಯ್ದೆಯ 81ನೆಯ ಕಲಮು ಇದನ್ನು ಶಾಸನವಾಗಿಸಿತು; ಭಾರತದ 1963ರ ಕಾಯ್ದೆಯೂ ಅದನ್ನೇ ಅನುಸರಿಸಿತು.

ಕಡಲ ವಿಮೆಯಲ್ಲಿ ಕಾನೂನೇ ಹೇಳುವುದನ್ನು ಬೆಂಕಿ ವಿಮೆಯಲ್ಲಿ ಪಾಲಿಸಿಯೇ ಬರೆದು ಹೇಳಬೇಕಾಯಿತು. ಷರತ್ತು ಇಲ್ಲದಿದ್ದರೆ, ವಿಮಾ ಮೊತ್ತದೊಳಗಿನ ನಷ್ಟವನ್ನು ಕಂಪನಿ ಪೂರ್ತಿ ತುಂಬಬೇಕು. ಗೋದಾಮಿಗೆ ಬೆಂಕಿ ಬಿದ್ದಾಗ ಎಷ್ಟೋ ಸಲ ಒಂದು ಭಾಗ ಮಾತ್ರ ಸುಡುತ್ತದೆ. ಹಾಗಾಗಿ ಅರ್ಧ ಬೆಲೆಗೆ ವಿಮೆ ಮಾಡಿಸಿದವನಿಗೂ ಪೂರ್ಣ ಕಂತು ಕಟ್ಟಿದವನಷ್ಟೇ ಪರಿಹಾರ ಸಿಕ್ಕಿಬಿಡುತ್ತಿತ್ತು. ಷರತ್ತು ಹುಟ್ಟಿದ್ದು ಈ ಅಸಮತೋಲನದಿಂದ ಎಂಬುದು ನನ್ನ ಅಭಿಪ್ರಾಯ.

ಲೆಕ್ಕದ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ. ಒಬ್ಬ ಬಟ್ಟೆ ವ್ಯಾಪಾರಿಯ ಆರಂಭಿಕ ದಾಸ್ತಾನು 5 ಲಕ್ಷ ರೂಪಾಯಿ. ಬೆಂಕಿ ಬಿದ್ದ ದಿನದವರೆಗಿನ ಖರೀದಿ 15 ಲಕ್ಷ, ಮಾರಾಟವೂ 15 ಲಕ್ಷ. ಮಾರಾಟದ ಮೇಲೆ ಒಟ್ಟು ಲಾಭ ಶೇ. 20 ಎಂದು ಹಿಂದಿನ ವರ್ಷಗಳ ಲೆಕ್ಕಪತ್ರ ತೋರಿಸುತ್ತದೆ. ಅಲ್ಲಿಗೆ ಮಾರಿದ ಮಾಲಿನ ಅಸಲು 12 ಲಕ್ಷ; ಬೆಂಕಿಯ ಹೊತ್ತಿಗೆ ಗೋದಾಮಿನಲ್ಲಿದ್ದ ಮಾಲು 8 ಲಕ್ಷದ್ದು. ಉಳಿದುಕೊಂಡ ಮಾಲು 2 ಲಕ್ಷ, ನಷ್ಟ 6 ಲಕ್ಷ. ವಿಮಾ ಮೊತ್ತವೂ 6 ಲಕ್ಷವೇ ಆದ್ದರಿಂದ ಪೂರ್ತಿ ಹಣ ಬಂದೀತು ಎಂದು ವ್ಯಾಪಾರಿ ನಂಬುತ್ತಾನೆ. ಆದರೆ ನಷ್ಟವನ್ನು ವಿಮಾ ಮೊತ್ತದಿಂದ ಗುಣಿಸಿ, ದಾಸ್ತಾನಿನ ಪೂರ್ಣ ಬೆಲೆಯಿಂದ ಭಾಗಿಸಬೇಕು. ಬರುವುದು 4.5 ಲಕ್ಷ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಉಳಿದ ಮಾಲನ್ನು ಕಳೆದು 6 ಲಕ್ಷದಿಂದ ಭಾಗಿಸುವುದು. ಹೀಗೆ ಮಾಡಿದರೆ ಕಡಿತವೇ ಮಾಯವಾಗುತ್ತದೆ. ಎಲ್ಲ ಮಾಲೂ ಸುಟ್ಟಿದ್ದರೆ ನಷ್ಟ 8 ಲಕ್ಷವಾಗಿ, ಅದೇ ಸೂತ್ರ 6 ಲಕ್ಷವನ್ನೇ ಕೊಡುತ್ತದೆ. ಅಂದರೆ ಷರತ್ತಿನ ಪೆಟ್ಟು ಭಾಗಶಃ ನಷ್ಟವಾದವನಿಗೇ ಹೊರತು ಎಲ್ಲವನ್ನೂ ಕಳೆದುಕೊಂಡವನಿಗಲ್ಲ.

ಭಾರತದ ಪ್ರಮಾಣಿತ ಅಗ್ನಿ ಪಾಲಿಸಿಯಲ್ಲಿ ಪ್ರತಿ ಬಾಬತ್ತಿಗೂ ಷರತ್ತು ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಯಂತ್ರಕ್ಕೆ ಹೆಚ್ಚಾಗಿ ಮಾಡಿಸಿದ ವಿಮೆ ಮಾಲಿನ ಕೊರತೆಯನ್ನು ತುಂಬದು. ಈ ಬಿಗಿ ಸಣ್ಣ ಉದ್ಯಮಿಗಳ ಮಟ್ಟಿಗೆ ಸಡಿಲವಾದದ್ದು 2021ರ ಏಪ್ರಿಲ್‌ನಲ್ಲಿ. ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಗಾಗಿ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಗೆ ಕಡಿತವಿಲ್ಲ. ನಮ್ಮ ವ್ಯಾಪಾರಿ 7 ಲಕ್ಷಕ್ಕೆ ವಿಮೆ ಮಾಡಿಸಿದ್ದರೆ ಕೊರತೆ ಶೇ. 12.5, ಈ ಪಾಲಿಸಿಯಡಿ ಸರಾಸರಿ ಕಡಿತದಿಂದ ಪಾರಾಗುತ್ತಿದ್ದ. ಅವನ 6 ಲಕ್ಷದಲ್ಲಿ ಕೊರತೆ ಶೇ. 25, ಅದಕ್ಕೆ ರಿಯಾಯಿತಿ ಇಲ್ಲ.

ಹಬ್ಬದ ಸಮಯಕ್ಕೆ ಮಾಲು ತುಂಬಿಸುವ ಅಂಗಡಿಯವರು ವಿಮಾ ಮೊತ್ತವನ್ನು ವರ್ಷದ ಸರಾಸರಿ ದಾಸ್ತಾನಿಗಲ್ಲ, ಅತಿ ಹೆಚ್ಚಿನ ದಾಸ್ತಾನಿಗೆ ಹೊಂದಿಸಿಕೊಳ್ಳಬೇಕು.