ಮಾರಿದವರು ಕಟ್ಟದ ತೆರಿಗೆ

ಮುಂಬೈಯ ವರ್ತಕರ ಬಾಯಲ್ಲಿ ‘ಹವಾಲಾ ಬಿಲ್’ ಎಂದರೆ ಹಣ ಸಾಗಿಸುವ ಕಳ್ಳದಾರಿಯಲ್ಲ, ಸರಕೇ ಇಲ್ಲದ ಬಿಲ್ಲು. ಅರಬ್ಬಿಯಿಂದ ಬಂದ ಈ ಪದಕ್ಕೆ ‘ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುವುದು’ ಎಂಬ ಅರ್ಥವಿದೆ. ಇಲ್ಲಿ ವರ್ಗವಾಗುತ್ತಿದ್ದದ್ದು ತೆರಿಗೆಯ ಜಮೆ. ಮಾರಾಟ ತೆರಿಗೆ ಇಲಾಖೆ ಇಂಥ ಬಿಲ್ ಬರೆದುಕೊಡುವವರ ಪಟ್ಟಿಯನ್ನೇ ಪ್ರಕಟಿಸಿತು. ಅವರಿಂದ ಬಿಲ್ ಪಡೆದವರಲ್ಲಿ ಎಷ್ಟು ಜನ ಕಳ್ಳರು, ಎಷ್ಟು ಜನ ಮೋಸಹೋದವರು ಎಂದು ಪಟ್ಟಿ ಹೇಳುತ್ತಿರಲಿಲ್ಲ.

ಮಹಾರಾಷ್ಟ್ರದಲ್ಲಿ ವ್ಯಾಟ್ ಜಾರಿಗೆ ಬಂದದ್ದು 2005ರ ಏಪ್ರಿಲ್ 1ರಂದು. ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮಾರುವಾಗ ಕಟ್ಟಬೇಕಾದ ತೆರಿಗೆಯಿಂದ ಕಳೆದುಕೊಳ್ಳಬಹುದಿತ್ತು. ಇದಕ್ಕೆ ‘ಸೆಟ್-ಆಫ್’ ಎಂದು ಹೆಸರು. ಆದರೆ ಆ ಕಾಯ್ದೆಯ 48(5)ನೇ ಕಲಮು ಒಂದು ಷರತ್ತು ಹಾಕಿತ್ತು: ಖಜಾನೆಗೆ ನಿಜವಾಗಿ ಸಂದಾಯವಾದ ತೆರಿಗೆಗೆ ಮಾತ್ರ ಸೆಟ್-ಆಫ್. ಮಾರಿದವನು ತೆರಿಗೆ ಕಟ್ಟದಿದ್ದರೆ, ಅವನಿಗೆ ಆಗಲೇ ಹಣ ಕೊಟ್ಟ ಕೊಳ್ಳುಗನಿಗೂ ಜಮೆ ಇಲ್ಲ.

ಮಹಾಲಕ್ಷ್ಮಿ ಕಾಟನ್ ಜಿನ್ನಿಂಗ್ ಪ್ರೆಸ್ಸಿಂಗ್ ಆ್ಯಂಡ್ ಆಯಿಲ್ ಇಂಡಸ್ಟ್ರೀಸ್ ಎಂಬ ಸಂಸ್ಥೆ ಈ ಕಲಮನ್ನು ಬಾಂಬೆ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಮಾರಿದವನು ಸರ್ಕಾರಕ್ಕೆ ಕಟ್ಟಿದನೋ ಇಲ್ಲವೋ ಎಂದು ಕೊಂಡವನು ತಿಳಿಯುವುದಾದರೂ ಹೇಗೆ ಎಂಬುದು ವಾದದ ತಿರುಳು. 2012ರ ಮೇ 11ರ ತೀರ್ಪು ಕಲಮನ್ನು ಎತ್ತಿಹಿಡಿಯಿತು. ಸೆಟ್-ಆಫ್ ಹುಟ್ಟುಹಕ್ಕಲ್ಲ, ಶಾಸನ ಕೊಟ್ಟ ರಿಯಾಯಿತಿ, ಕೊಟ್ಟವರು ಷರತ್ತನ್ನೂ ಹಾಕಬಹುದು ಎಂಬುದು ಅದರ ನಿಲುವು. ತಪ್ಪಿಸಿಕೊಂಡ ಮಾರಾಟಗಾರರ ವಿವರ ಪ್ರಕಟಿಸುವುದಾಗಿ, ಅವರಿಂದ ವಸೂಲಾದಷ್ಟನ್ನು ಕೊಂಡವರಿಗೆ ಮರಳಿಸುವುದಾಗಿ ಇಲಾಖೆ ಕೋರ್ಟಿಗೆ ಹೇಳಿತ್ತು. ತರ್ಕ ಕಾನೂನಿಗೆ ಸರಿ. ಆದರೆ ವಸೂಲಿ ಅಧಿಕಾರ ಇಲಾಖೆಯದು, ವಸೂಲಾಗದಿದ್ದರೆ ನಷ್ಟ ಮಾತ್ರ ಅಂಗಡಿಯವನದು.

2017ರ ಜುಲೈ 1ರಂದು ಬಂದ ಜಿಎಸ್‌ಟಿ ಈ ಷರತ್ತನ್ನು ಕೈಬಿಡಲಿಲ್ಲ. ಅದು 16(2)(c) ಕಲಮಾಗಿ ದೇಶಕ್ಕೆಲ್ಲ ಅನ್ವಯವಾಯಿತು. ಮಾರಿದವನ ಪಟ್ಟಿಯನ್ನೂ ಕೊಂಡವನ ಪಟ್ಟಿಯನ್ನೂ ಕಂಪ್ಯೂಟರೇ ಹೊಂದಿಸುವ ಯೋಜನೆಯಿತ್ತು. ಕೊಂಡವನು ತುಂಬಬೇಕಿದ್ದ GSTR-2 ನಮೂನೆಯನ್ನು ಅದೇ ವರ್ಷದ ನವೆಂಬರಿನಲ್ಲಿ ಅಮಾನತಿನಲ್ಲಿಟ್ಟರು. ಹೊಂದಿಸುವ ಕೆಲಸ ಅಂಗಡಿಯ ಲೆಕ್ಕಿಗನ ಹೆಗಲಿಗೆ ಬಿತ್ತು. 2019ರ ಅಕ್ಟೋಬರಿನಿಂದ, ಪೋರ್ಟಲಿನಲ್ಲಿ ಕಾಣದ ಬಿಲ್ಲುಗಳಿಗೆ ಕಂಡ ಜಮೆಯ ಶೇ. 20ರಷ್ಟು ಮಾತ್ರ ಎಂದರು. ಅದು ಶೇ. 10, ಶೇ. 5 ಎಂದು ಇಳಿದು 2022ರ ಜನವರಿ 1ರಿಂದ ಸೊನ್ನೆಯಾಯಿತು.

ಮುಲುಂಡಿನ ಒಂದು ಅಂಗಡಿಯನ್ನು ಊಹಿಸಿಕೊಳ್ಳಿ. 2023ರ ಆಗಸ್ಟ್ 28ರಂದು ಭಿವಂಡಿಯಿಂದ 1,00,000 ರೂಪಾಯಿಯ ಸರಕು ತರಿಸಿ, ಮೇಲೆ 18,000 ತೆರಿಗೆ ಕೊಟ್ಟಿದೆ. ಭಿವಂಡಿಯವನು ಸೆಪ್ಟೆಂಬರ್ 11ರೊಳಗೆ ತನ್ನ GSTR-1 ಸಲ್ಲಿಸಿದರೆ, 14ರಂದು ಅಂಗಡಿಯ GSTR-2B ಪಟ್ಟಿಯಲ್ಲಿ ಬಿಲ್ ಕಾಣುತ್ತದೆ. 20ರ ರಿಟರ್ನಿನಲ್ಲಿ ಜಮೆ ಪಡೆಯಬಹುದು. ಅವನು ಒಂದು ದಿನ ತಡಮಾಡಿ 12ರಂದು ಸಲ್ಲಿಸಿದರೆ ಅದು ಮುಂದಿನ ತಿಂಗಳ ಪಟ್ಟಿಗೆ ಜಾರುತ್ತದೆ. ಅಲ್ಲಿಯವರೆಗೆ ಅಷ್ಟು ಹಣವನ್ನು ಅಂಗಡಿಯೇ ಹೊಂದಿಸಬೇಕು.

ಬಿಲ್ ಕಾಣದಿದ್ದರೆ ಕಾರಣ ಯಾವಾಗಲೂ ಮೋಸವಲ್ಲ. ಲೆಕ್ಕಿಗ ಮೊದಲು ಮುಂದಿನ ತಿಂಗಳ ಪಟ್ಟಿ ನೋಡುತ್ತಾನೆ. ಆಮೇಲೆ ಸಂಖ್ಯೆ ಬಿಟ್ಟು ಮೊತ್ತದಿಂದ ಹುಡುಕುತ್ತಾನೆ, ಏಕೆಂದರೆ ‘023/23-24’ ಎಂಬುದನ್ನು ಮಾರಿದವನು ಬರೀ ‘23’ ಎಂದು ತುಂಬಿರಬಹುದು. ಅಲ್ಲೂ ಸಿಗದಿದ್ದರೆ, ಅಂಗಡಿಯ ಜಿಎಸ್‌ಟಿ ಸಂಖ್ಯೆ ತಪ್ಪಾಗಿರಬೇಕು, ಇಲ್ಲವೇ ನೋಂದಣಿಯಿಲ್ಲದ ಗಿರಾಕಿಗಳ ಮಾರಾಟದಲ್ಲಿ ಬಿಲ್ ಸೇರಿಹೋಗಿರಬೇಕು. ಇವನ್ನು ಮಾರಿದವನೇ ತಿದ್ದಬೇಕು.

ಎಲ್ಲ ಹೊಂದಿದರೂ ಒಂದು ಸಂದು ಉಳಿಯುತ್ತದೆ. GSTR-2B ತೋರಿಸುವುದು ಮಾರಿದವನು ಹೇಳಿಕೊಂಡದ್ದನ್ನು, ಕಟ್ಟಿದ್ದನ್ನಲ್ಲ. ಹಣ ಕಟ್ಟುವುದು GSTR-3B ಎಂಬ ಬೇರೆ ರಿಟರ್ನಿನ ಜೊತೆ. ಹಿಂದಿನ 3B ಬಾಕಿಯಿದ್ದರೆ ಈಗ ಮುಂದಿನ GSTR-1 ಸಲ್ಲಿಸಲು ಬಿಡುವುದಿಲ್ಲವಾದ್ದರಿಂದ ಸಂದು ಕಿರಿದಾಗಿದೆ, ಮುಚ್ಚಿಲ್ಲ. ಭಿವಂಡಿಯವನು ಆಗಸ್ಟಿನ 3B ಯನ್ನು 2024ರ ಸೆಪ್ಟೆಂಬರ್ 30ರವರೆಗೂ ಸಲ್ಲಿಸದಿದ್ದರೆ, 37A ನಿಯಮದಂತೆ ಮುಲುಂಡಿನವನು ನವೆಂಬರ್ 30ರೊಳಗೆ 18,000 ವಾಪಸ್ ಮಾಡಬೇಕು. ತಪ್ಪಿದರೆ ಬಡ್ಡಿ. ಅವನು ಎಂದಾದರೂ ಸಲ್ಲಿಸಿದರೆ ಜಮೆ ಮತ್ತೆ ಸಿಗುತ್ತದೆ.

ಹೊಸ ಮಾರಾಟಗಾರರೊಡನೆ ಕೆಲವರು ಸರಕಿನ ಬೆಲೆ ಮಾತ್ರ ಕೊಟ್ಟು, ತೆರಿಗೆಯ ಭಾಗವನ್ನು ಬಿಲ್ ಪೋರ್ಟಲಿನಲ್ಲಿ ಕಾಣುವವರೆಗೆ ತಡೆಹಿಡಿಯುತ್ತಾರೆ. ಅದಕ್ಕೂ ಗಡುವಿದೆ: ಬಿಲ್ಲಿನ ದಿನದಿಂದ 180 ದಿನಗಳಲ್ಲಿ ತೆರಿಗೆಸಹಿತ ಪೂರ್ತಿ ಹಣ ಕೊಡದಿದ್ದರೆ, ಪಡೆದ ಜಮೆಯಲ್ಲಿ ಬಾಕಿಗೆ ತಕ್ಕ ಪಾಲನ್ನು ಬಡ್ಡಿ ಸೇರಿಸಿ ಹಿಂದಿರುಗಿಸಬೇಕು.