‘ಸನ್‌ಬ್ಲಾಕ್’ ಎಂಬ ಮಾತು ಬಾಟಲಿಯಿಂದ ಇಳಿದ ಕಥೆ

ಊರಲ್ಲಿ ಬಿಸಿಲು ಏರಿದ ಹಾಗೆಲ್ಲ ನನ್ನ ಫೋನಿಗೆ ಸನ್‌ಸ್ಕ್ರೀನ್ ಜಾಹೀರಾತುಗಳ ಫೋಟೊ ಬರುವುದೂ ಏರುತ್ತದೆ. "ಇದು ಒಳ್ಳೇದಾ? ಅದು ಒಳ್ಳೇದಾ?" ಅಂತ ಅತ್ತಿಗೆಯರು, ಶಾಲೆಯ ಗೆಳತಿಯರು ಕೇಳುತ್ತೀರಿ. ಯಾವ ಕಂಪನಿಯದ್ದು ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಆದರೆ ಬಾಟಲಿಯ ಮೇಲೆ ಏನು ಬರೆಯಬಹುದು, ಏನು ಬರೆಯಬಾರದು ಅಂತ ಇಲ್ಲಿ ಯುರೋಪಿನ ಕಡೆ ತೀರ್ಮಾನವಾದ ಕಥೆ ಗೊತ್ತಿದ್ದರೆ, ಆ ಫೋಟೊಗಳನ್ನು ನೀವೇ ಓದಿ ಅಳೆಯಬಹುದು. ಈ ಕಂತು ಅದರ ಬಗ್ಗೆ.

1930ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಬಿಸಿಲಿಗೆ ಹಚ್ಚುವ ಎಣ್ಣೆ ಮಾರುಕಟ್ಟೆಗೆ ಬಂದಾಗ, ಅದು ಮಾರಿದ್ದು ರಕ್ಷಣೆಗಿಂತ ಹೆಚ್ಚಾಗಿ ಮೈಬಣ್ಣವನ್ನು. ಸಮುದ್ರ ತೀರದಲ್ಲಿ ಮಲಗಿ ಮೈ ಕಂದು ಮಾಡಿಕೊಳ್ಳುವುದು ಇಲ್ಲಿಯವರಿಗೆ ಸಿರಿವಂತಿಕೆಯ ಗುರುತು. ಸುಡದೆ ಕಂದಾಗಬೇಕು, ಅಷ್ಟೇ. ಯಾವ ಎಣ್ಣೆ ಎಷ್ಟು ತಡೆಯುತ್ತದೆ ಅಂತ ಅಳೆಯುವ ವಿಧಾನವನ್ನು 1956ರಲ್ಲಿ ಜರ್ಮನಿಯ ರುಡಾಲ್ಫ್ ಶುಲ್ಟ್ಸೆ ಪ್ರಕಟಿಸಿದರು. ಆಲ್ಪ್ಸ್ ಪರ್ವತದ ಹಿಮದ ಮೇಲೆ ಹತ್ತುವವರಿಗಾಗಿ ಕ್ರೀಮ್ ಮಾಡಿದ್ದ ಆಸ್ಟ್ರಿಯಾದ ಫ್ರಾನ್ಸ್ ಗ್ರೈಟರ್ 1970ರ ದಶಕದಲ್ಲಿ ‘ಎಸ್‌ಪಿಎಫ್’ ಎಂಬ ಸಂಖ್ಯೆಯನ್ನು ಜನಪ್ರಿಯ ಮಾಡಿದರು.

ಆ ಸಂಖ್ಯೆಯ ಲೆಕ್ಕ ಸರಳ. ಪ್ರಯೋಗಾಲಯದಲ್ಲಿ ಸ್ವಯಂಸೇವಕರ ಬೆನ್ನಿನ ಮೇಲೆ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಕ್ರೀಮ್ ಹಚ್ಚಿ, ವಿಶೇಷ ದೀಪದ ಕಿರಣ ಬಿಡುತ್ತಾರೆ. ಬರೀ ಚರ್ಮ ಕೆಂಪಾಗುವುದಕ್ಕೆ ಬೇಕಾದಷ್ಟಕ್ಕಿಂತ 30 ಪಟ್ಟು ಕಿರಣ ಬೇಕಾದರೆ ಅದು ಎಸ್‌ಪಿಎಫ್ 30. ಅಂದರೆ ಸುಡುವ ಕಿರಣದಲ್ಲಿ ಮೂವತ್ತರಲ್ಲಿ ಒಂದು ಪಾಲು, ಸುಮಾರು ಶೇ. 3.3ರಷ್ಟು, ಒಳಗೆ ಹೋಗುತ್ತದೆ. 50 ಆದರೆ ಶೇ. 2. ಯಾವ ಸಂಖ್ಯೆ ಬಂದರೂ ಸೊನ್ನೆ ಆಗುವುದಿಲ್ಲ. ಬಾಟಲಿಯ ಮೇಲೆ ‘ಸನ್‌ಬ್ಲಾಕ್’, ‘ಸಂಪೂರ್ಣ ರಕ್ಷಣೆ’ ಅಂತ ಬರೆದಾಗ ಮಾತು ಲೆಕ್ಕದಿಂದ ಜಾರುವುದು ಇಲ್ಲೇ.

ಜಾರಿದರೆ ಏನಂತೆ, ಸ್ವಲ್ಪ ಉತ್ಪ್ರೇಕ್ಷೆ ತಾನೆ? ಅದಕ್ಕೆ 1997ರ ಬೇಸಿಗೆ ರಜೆಯಲ್ಲಿ ನಡೆದ ಒಂದು ಅಧ್ಯಯನ ಉತ್ತರ ಕೊಟ್ಟಿತು. ಫಿಲಿಪ್ ಓಟಿಯೆ ಮತ್ತು ಸಂಗಡಿಗರು ಫ್ರಾನ್ಸ್, ಸ್ವಿಟ್ಜರ್ಲೆಂಡಿನ 87 ವಿದ್ಯಾರ್ಥಿಗಳಿಗೆ ಸನ್‌ಸ್ಕ್ರೀನ್ ಕೊಟ್ಟರು. ಅರ್ಧ ಜನಕ್ಕೆ ಎಸ್‌ಪಿಎಫ್ 10, ಅರ್ಧ ಜನಕ್ಕೆ 30. ಯಾರದ್ದು ಯಾವುದು ಅಂತ ಅವರಿಗೆ ಗೊತ್ತಿಲ್ಲ. ಎಷ್ಟು ಹೊತ್ತು ಬಿಸಿಲಲ್ಲಿ ಇದ್ದೆವು ಅಂತ ದಿನವೂ ಬರೆದಿಟ್ಟರು. ರಜೆ ಮುಗಿದಾಗ 10ರ ಗುಂಪಿನವರು ಸರಾಸರಿ 58 ಗಂಟೆ ಬಿಸಿಲು ಕಾಯಿಸಿದ್ದರು, 30ರ ಗುಂಪಿನವರು ಸುಮಾರು 73 ಗಂಟೆ. ಮೈ ಸುಟ್ಟುಕೊಂಡಿದ್ದು ಮಾತ್ರ ಎರಡೂ ಗುಂಪಿನಲ್ಲಿ ಹೆಚ್ಚು ಕಡಿಮೆ ಒಂದೇ. ಚರ್ಮ ಉರಿಯತೊಡಗಿದರೆ ಮನುಷ್ಯ ನೆರಳಿಗೆ ಹೋಗುತ್ತಾನೆ. ಉರಿ ತಡವಾಗಿ ಬಂದರೆ ತಡವಾಗಿ ಹೋಗುತ್ತಾನೆ. ಹೆಚ್ಚು ಸಿಕ್ಕಿದ ರಕ್ಷಣೆಯನ್ನು ಅವರು ಹೆಚ್ಚು ಹೊತ್ತಿನ ಬಿಸಿಲಿಗೇ ಖರ್ಚು ಮಾಡಿಬಿಟ್ಟರು. ಬಾಟಲಿ ಏನೂ ಹೇಳದಿದ್ದಾಗಲೇ ಹೀಗೆ. ಇನ್ನು ‘ಸಂಪೂರ್ಣ ರಕ್ಷಣೆ’ ಅಂತ ಅದೇ ಧೈರ್ಯ ಹೇಳಿದರೆ?

2006ರ ಸೆಪ್ಟೆಂಬರ್ 22ರಂದು ಯುರೋಪಿಯನ್ ಕಮಿಷನ್ ಸದಸ್ಯ ದೇಶಗಳಿಗೆಲ್ಲ ಒಂದು ಶಿಫಾರಸು ಕಳಿಸಿತು. ಆಗ ಬ್ರಿಟನ್ ಕೂಡ ಅದರೊಳಗೇ ಇತ್ತು. ಬಾಟಲಿಯ ಮೇಲೆ ಎರಡು ಬಗೆಯ ಮಾತು ಬೇಡ ಅಂದಿತು. ಒಂದು, ನೂರಕ್ಕೆ ನೂರು ರಕ್ಷಣೆ ಎಂಬ ಅರ್ಥದ ‘ಸನ್‌ಬ್ಲಾಕ್’ನಂಥ ಪದ. ಇನ್ನೊಂದು, ಮತ್ತೆ ಹಚ್ಚುವ ಅಗತ್ಯವಿಲ್ಲ, ಇಡೀ ದಿನಕ್ಕೆ ಸಾಕು ಎಂಬ ಭರವಸೆ. ಬದಲಿಗೆ ಸನ್‌ಸ್ಕ್ರೀನ್ ಹಚ್ಚಿದ್ದರೂ ಬಿಸಿಲಲ್ಲಿ ಬಹಳ ಹೊತ್ತು ಇರಬೇಡಿ, ಹಸುಗೂಸುಗಳನ್ನು ನೇರ ಬಿಸಿಲಿಗೆ ತರಬೇಡಿ ಅಂತ ಬರೆಯಲು ಹೇಳಿತು. ಎಷ್ಟು ಹಚ್ಚಬೇಕು ಅನ್ನುವುದನ್ನೂ ಬಿಡಲಿಲ್ಲ: ದೊಡ್ಡವರ ಇಡೀ ಮೈಗೆ ಆರು ಟೀ ಚಮಚ, ಅಂದರೆ ಸುಮಾರು 36 ಗ್ರಾಂ.

ಶಿಫಾರಸು ಅಂದರೆ ಕಾನೂನಲ್ಲ, ಹಾಗಾಗಿ ಎರಡನೆಯ ಮಾತು ಪೂರ್ತಿ ಹೋಗಲಿಲ್ಲ. ‘ದಿನಕ್ಕೊಮ್ಮೆ’ ಅನ್ನುವ ಬಾಟಲಿಗಳು ಇಲ್ಲಿ ಬ್ರಿಟನ್ನಿನ ಅಂಗಡಿಗಳಲ್ಲಿ ಇದ್ದೇ ಇದ್ದವು. 2016ರಲ್ಲಿ ‘ವಿಚ್?’ ಎಂಬ ಗ್ರಾಹಕ ಸಂಸ್ಥೆ ಅಂಥ ನಾಲ್ಕನ್ನು ಪರೀಕ್ಷೆ ಮಾಡಿಸಿತು. ಹಚ್ಚಿದ ಆರರಿಂದ ಎಂಟು ಗಂಟೆ ನಂತರ ರಕ್ಷಣೆ ಸರಾಸರಿ ಶೇ. 74ರಷ್ಟು ಇಳಿದಿತ್ತು. ಬೆಳಿಗ್ಗೆಯ 30, ಮಧ್ಯಾಹ್ನದ ಮೇಲೆ 8.

ಇನ್ನು ಔಷಧದ ಮಾತು. ಯುರೋಪಿನಲ್ಲೂ ನಮ್ಮ ಭಾರತದಲ್ಲೂ ಸನ್‌ಸ್ಕ್ರೀನ್ ಸೌಂದರ್ಯವರ್ಧಕಗಳ ಸಾಲಿಗೆ ಸೇರಿದೆ. ಅಮೆರಿಕದಲ್ಲಾದರೆ ಅದು ಔಷಧ. ಇಲ್ಲಿನ ಕಾನೂನಿನ ಪ್ರಕಾರ ರೋಗ ವಾಸಿ ಮಾಡುತ್ತೇನೆ, ಬರದಂತೆ ತಡೆಯುತ್ತೇನೆ ಅಂತ ಒಂದು ವಸ್ತು ಹೇಳಿಕೊಂಡರೆ, ಆ ಮಾತೇ ಅದನ್ನು ಔಷಧದ ಸಾಲಿಗೆ ಎಳೆದುಬಿಡುತ್ತದೆ. ಆಮೇಲೆ ಔಷಧಕ್ಕೆ ಬೇಕಾದ ಪುರಾವೆ, ಪರವಾನಗಿ ಎಲ್ಲ ಕೊಡಬೇಕು.

ಇದನ್ನೆಲ್ಲ ಈಗ ಬರೆಯಲು ಕಾರಣ, ಬ್ಯೂಟಿ ಪಾರ್ಲರ್ ಇಟ್ಟಿರುವ ನಮ್ಮ ಚಿಕ್ಕಮ್ಮನ ಮಗಳು ಕಳಿಸಿದ ಪೋಸ್ಟರ್. "ಎಸ್‌ಪಿಎಫ್ 50 ಸನ್‌ಬ್ಲಾಕ್. 100% ರಕ್ಷಣೆ. ಬೆಳಿಗ್ಗೆ ಹಚ್ಚಿ, ಸಂಜೆವರೆಗೆ ನಿಶ್ಚಿಂತೆ. ಬಂಗು ಮಾಯ!" ಅಂತ ಇತ್ತು. "ಅಕ್ಕಾ, ಅಚ್ಚಿಗೆ ಕೊಡೋ ಮುಂಚೆ ನೋಡು" ಅಂದಳು. ಇಬ್ಬರೂ ಫೋನಿನಲ್ಲಿ ಕೂತು ಒಂದೊಂದೇ ಮಾತು ಹಿಡಿದೆವು. ಶೇ. 2ರಷ್ಟು ಕಿರಣ ಒಳಗೆ ಹೋಗುತ್ತದೆ ಅಂದಮೇಲೆ ಸನ್‌ಬ್ಲಾಕೂ ಇಲ್ಲ, 100%ಉ ಇಲ್ಲ. ಬೆವರು, ಒರೆಸಿಕೊಳ್ಳುವ ಸೆರಗು, ಹೆಲ್ಮೆಟ್ಟಿನ ಪಟ್ಟಿ ಎಲ್ಲ ಇರುವಾಗ ಸಂಜೆವರೆಗೆ ಅನ್ನುವುದೂ ಇಲ್ಲ. ಬಂಗು ಡಾಕ್ಟರು ನೋಡಬೇಕಾದ ವಿಷಯ. ಬಿಸಿಲಿಂದ ಅದು ಹೆಚ್ಚಾಗುವುದು ನಿಜ, ಆದರೆ ಮಾಯ ಮಾಡುತ್ತೇನೆ ಅನ್ನುವುದು ಔಷಧದ ಮಾತು.

"ಎಲ್ಲಾ ತೆಗೆದ್ರೆ ಇನ್ನೇನು ಉಳೀತು, ಯಾರು ತಗೋತಾರೆ?" ಅಂದಳು. ನ್ಯಾಯವಾದ ಪ್ರಶ್ನೆಯೇ. ಆಗ ಟ್ಯೂಬ್ ಲೆಕ್ಕ ಹಾಕಿದೆವು. ಸೀರೆ, ಚೂಡಿದಾರ ಹಾಕುವವರಿಗೆ ಮುಖ, ಕುತ್ತಿಗೆ, ತೋಳಿಗೆ ಎರಡು ಟೀ ಚಮಚ ಬೇಕು, ಸುಮಾರು 12 ಗ್ರಾಂ. 50 ಗ್ರಾಂ ಟ್ಯೂಬ್ ನಾಲ್ಕು ಸಲಕ್ಕೆ ಮುಗಿಯುತ್ತದೆ. ದಿನಕ್ಕೆ ಎರಡು ಸಲ ಹಚ್ಚಿದರೆ ಎರಡೇ ದಿನ! ನಮ್ಮಲ್ಲಿ ಅದೇ ಟ್ಯೂಬ್ ಎರಡು ತಿಂಗಳು ಬರುತ್ತದೆ. ಅಂದರೆ ಹಚ್ಚುವುದು ಕಾಳಿನಷ್ಟು. ಪ್ರಯೋಗಾಲಯದ 50 ಆ ಮುಖಕ್ಕೆ ಸಿಗುವುದೇ ಇಲ್ಲ. ಹೀಗಾಗಿ ತೋಳಿಗೆ ತುಂಬುತೋಳಿನ ಬಟ್ಟೆ, ತಲೆಗೆ ಕೊಡೆ, ಕ್ರೀಮ್ ಬಟ್ಟೆ ಮುಚ್ಚದ ಕಡೆಗೆ ಮಾತ್ರ, ಆದರೆ ಧಾರಾಳವಾಗಿ. ಖರ್ಚೂ ಕಡಿಮೆ, ಹಚ್ಚಿದ್ದಕ್ಕೆ ಅರ್ಥವೂ ಇರುತ್ತದೆ.

ಕೊನೆಗೆ ಅಚ್ಚಿಗೆ ಹೋಗಿದ್ದು ಇಷ್ಟು: "ಬೇಸಿಗೆಗೆ ಎಸ್‌ಪಿಎಫ್ 50 ಸನ್‌ಸ್ಕ್ರೀನ್. ಬಿಸಿಲಿಗೆ ಚರ್ಮ ಸುಡುವುದನ್ನು ಕಡಿಮೆ ಮಾಡುತ್ತದೆ. ಧಾರಾಳವಾಗಿ ಹಚ್ಚಿ. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ, ಬೆವರು ಒರೆಸಿದ ಮೇಲೂ ಮತ್ತೆ ಹಚ್ಚಿ. ಕೊಡೆ ಮರೆಯಬೇಡಿ. ಎಷ್ಟು ಹಚ್ಚಬೇಕು ಅಂತ ಒಳಗೆ ಬಂದರೆ ಚಮಚದಲ್ಲಿ ತೋರಿಸುತ್ತೇವೆ."

ಆ ಕೊನೆಯ ಸಾಲು ಅವಳದ್ದೇ. ಕೌಂಟರ್ ಮೇಲೆ ಈಗ ಒಂದು ಟೀ ಚಮಚ ಇಟ್ಟಿದ್ದಾಳೆ.